ಮಗುವಿನ ಊಟದ ಡಬ್ಬಿ: ಚಪಾತಿ, ಪಲ್ಯ, ಹಣ್ಣಿನ ಕ್ಯಾಲೊರಿಯನ್ನು ಮನೆಯಲ್ಲೇ ಲೆಕ್ಕ ಹಾಕುವ ಬಗೆ

ಐದಾರು ವರ್ಷದ ಮಗುವಿನ ಶಾಲೆಯ ಡಬ್ಬಿಗೆ ಎಷ್ಟು ಚಪಾತಿ ಹಾಕಬೇಕು ಎಂದು ಕೇಳಿದರೆ ಬಹುತೇಕರು ‘ಎರಡು’ ಎನ್ನುತ್ತಾರೆ. ಆದರೆ ಉಂಡೆಯ ಗಾತ್ರ ಮತ್ತು ಸವರಿದ ಎಣ್ಣೆಯನ್ನು ಹೇಳದೆ ‘ಎರಡು’ ಎಂದರೆ ಆ ಉತ್ತರದಿಂದ ಏನೂ ತಿಳಿಯುವುದಿಲ್ಲ. ನಿಂಬೆಹಣ್ಣಿನಷ್ಟು ಸಣ್ಣ ಉಂಡೆಯಿಂದ ತೆಳ್ಳಗೆ ಲಟ್ಟಿಸಿ, ಎಣ್ಣೆ ಸವರದೆ ಸುಟ್ಟ ಚಪಾತಿಯಲ್ಲಿ 65ರಿಂದ 75 ಕಿಲೊಕ್ಯಾಲೊರಿ ಇರುತ್ತದೆ. ಅದೇ ಅಡುಗೆಮನೆಯಲ್ಲಿ ದೊಡ್ಡವರಿಗೆಂದು ಅದರ ಎರಡರಷ್ಟು ಹಿಟ್ಟಿನಿಂದ ಮಾಡಿ ಒಂದು ಚಮಚ ತುಪ್ಪ ಹಾಕಿದ ಚಪಾತಿಯಲ್ಲಿ 200 ಕಿಲೊಕ್ಯಾಲೊರಿ ಇರಬಹುದು. ಎರಡಕ್ಕೂ ಹೆಸರು ಒಂದೇ, ಡಬ್ಬಿಯಲ್ಲಿ ಸುರುಳಿ ಸುತ್ತಿಟ್ಟಾಗ ನೋಟವೂ ಹೆಚ್ಚು ಬೇರೆಯಾಗಿರುವುದಿಲ್ಲ, ಆದರೆ ಒಂದರಲ್ಲಿರುವ ಶಕ್ತಿ ಇನ್ನೊಂದರ ಸುಮಾರು ಮೂರು ಪಟ್ಟು.

ಈ ಕಾರಣಕ್ಕಾಗಿ ಚಪಾತಿಗಳನ್ನು ಎಣಿಸುವುದನ್ನು ಬಿಟ್ಟು, ಹಿಟ್ಟನ್ನು ಮತ್ತು ಎಣ್ಣೆಯನ್ನು ಒಮ್ಮೆ ತೂಗುವ ಕ್ರಮವನ್ನು ಇಲ್ಲಿ ವಿವರಿಸಿದ್ದೇನೆ. ಒಂದು ದಿನ ಬೆಳಿಗ್ಗೆ ಹದಿನೈದು ನಿಮಿಷ ಹೆಚ್ಚಿಗೆ ಕೊಟ್ಟರೆ ಸಾಕು. ಆಮೇಲೆ ಅದೇ ಅಳತೆಯಲ್ಲಿ ಮಾಡುವವರೆಗೆ ತಕ್ಕಡಿಯ ಅಗತ್ಯ ಬೀಳುವುದಿಲ್ಲ. ಉದಾಹರಣೆಗೆ ನನ್ನ ಮಗಳ ಡಬ್ಬಿಯನ್ನೇ ತೆಗೆದುಕೊಂಡಿದ್ದೇನೆ. ಅವಳಿಗೆ ಐದೂವರೆ ವರ್ಷ, ತೂಕ 18 ಕಿಲೊ.

ಮೊದಲು ಡಬ್ಬಿಯ ಪಾಲು ಎಷ್ಟೆಂದು ಗೊತ್ತುಮಾಡಿಕೊಳ್ಳಿ

ಮಾತಿನಲ್ಲಿ ನಾವು ‘ಕ್ಯಾಲೊರಿ’ ಎನ್ನುವುದು ವಾಸ್ತವದಲ್ಲಿ ಕಿಲೊಕ್ಯಾಲೊರಿ. ಪೊಟ್ಟಣಗಳ ಮೇಲೆ ಮುದ್ರಿಸಿರುವುದೂ ಅದೇ, ಆದ್ದರಿಂದ ಎರಡನ್ನೂ ಒಂದೇ ಎಂದು ತಿಳಿದು ಮುಂದುವರಿಯಬಹುದು. ಇನ್ನು ಮುಂದೆ ನಾನೂ ಕ್ಯಾಲೊರಿ ಎಂದೇ ಬರೆಯುತ್ತೇನೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಗಳು 2020ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ ಸುಮಾರು 1,360 ಕ್ಯಾಲೊರಿ ಬೇಕು. ಇದು ಸುಮಾರು 18 ಕಿಲೊ ತೂಗುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಲೆಕ್ಕವಾದ್ದರಿಂದ, ಕಿಲೊವೊಂದಕ್ಕೆ 75ರ ಆಸುಪಾಸು ಎಂದು ನೆನಪಿಟ್ಟುಕೊಂಡರೆ ಸಣ್ಣ ಮೈಕಟ್ಟಿನ ಮಗುವಿಗೂ ದೊಡ್ಡ ಮೈಕಟ್ಟಿನ ಮಗುವಿಗೂ ಹೊಂದಿಸಿಕೊಳ್ಳಬಹುದು. 16 ಕಿಲೊ ತೂಗುವ ಮಗುವಿಗೆ ದಿನಕ್ಕೆ 1,200, 20 ಕಿಲೊ ತೂಗುವ ಮಗುವಿಗೆ 1,500 ಎಂದು ಸ್ಥೂಲವಾಗಿ ಇಟ್ಟುಕೊಳ್ಳಿ. ತೀರ ತೆಳ್ಳಗಿರುವ ಅಥವಾ ವಯಸ್ಸಿಗೆ ಮೀರಿ ತೂಕವಿರುವ ಮಗುವಿಗೆ ಮಾತ್ರ ಈ ಗುಣಾಕಾರ ಸರಿಹೋಗುವುದಿಲ್ಲ. ಅಂಥ ಮಗುವಿನ ಅಳತೆಯನ್ನು ಮಕ್ಕಳ ವೈದ್ಯರೇ ಹೇಳಬೇಕು.

ಈ ಮೊತ್ತದಲ್ಲಿ ಡಬ್ಬಿಯ ಪಾಲೆಷ್ಟು ಎಂಬುದು, ಡಬ್ಬಿ ಮಧ್ಯಾಹ್ನದ ಪೂರ್ತಿ ಊಟವೋ ಅಥವಾ ಬೆಳಗಿನ ತಿಂಡಿಗೂ ಮನೆಯ ಊಟಕ್ಕೂ ನಡುವಿನ ಸಣ್ಣ ಹಸಿವಿನದೋ ಎಂಬುದನ್ನು ಅವಲಂಬಿಸಿದೆ. ಊಟವೇ ಆಗಿದ್ದರೆ ದಿನದ ಕಾಲು ಭಾಗ, ಎಂದರೆ 300ರಿಂದ 350 ಕ್ಯಾಲೊರಿ, ಐದಾರು ವರ್ಷದ ಮಗುವಿಗೆ ತಕ್ಕದ್ದು. ಮಗು ಮಧ್ಯಾಹ್ನವೇ ಮನೆಗೆ ಬಂದು ಊಟ ಮಾಡುವುದಾದರೆ ಅದರ ಅರ್ಧದಷ್ಟು, 150ರಿಂದ 180, ಸಾಕಾಗುತ್ತದೆ. ಡಬ್ಬಿ ಯಾವಾಗಲೂ ಅರ್ಧಕ್ಕರ್ಧ ವಾಪಸು ಬರುತ್ತದೆ ಎಂದು ಕೊರಗುವ ಅನೇಕ ತಾಯಂದಿರು, ಈ ಎರಡನೆಯ ಬಗೆಯ ಶಾಲೆಗೆ ಹೋಗುವ ಮಗುವಿಗೆ ಮೊದಲನೆಯ ಬಗೆಯ ಡಬ್ಬಿಯನ್ನು ಕಟ್ಟುತ್ತಿರುತ್ತಾರೆ. ಮಗು ತನಗೆ ಬೇಕಾದಷ್ಟನ್ನೇ ತಿಂದಿರುತ್ತದೆ.

ನನ್ನ ಮಗಳು ಮಧ್ಯಾಹ್ನದ ಊಟವನ್ನು ಶಾಲೆಯಲ್ಲೇ ಮಾಡುತ್ತಾಳೆ. ಹಾಗಾಗಿ ಅವಳ ಡಬ್ಬಿಗೆ ನಾನು ಇಟ್ಟುಕೊಂಡ ಗುರಿ 300ರಿಂದ 350.

ಚಪಾತಿ: ಒಣ ಹಿಟ್ಟನ್ನು ತೂಗಿ, ಉಂಡೆಗಳನ್ನು ಎಣಿಸಿ

ಚಪಾತಿಯ ಶಕ್ತಿ ಬರುವುದು ಹಿಟ್ಟಿನಿಂದ ಮತ್ತು ಎಣ್ಣೆಯಿಂದ ಮಾತ್ರ, ನೀರಿನಲ್ಲಿ ಏನೂ ಇಲ್ಲ. ಹಿಟ್ಟು ಕಲಸುವಾಗ ನೀರು ಸೇರಿ ತೂಕ ಏರುತ್ತದೆ, ಕಾವಲಿಯ ಮೇಲೆ ಅದರಲ್ಲಿ ಒಂದಷ್ಟು ಆವಿಯಾಗಿ ತೂಕ ಇಳಿಯುತ್ತದೆ, ಆದರೆ ಕ್ಯಾಲೊರಿ ಇದ್ದಲ್ಲೇ ಇರುತ್ತದೆ. ಹೀಗಾಗಿ ಬೆಂದ ಚಪಾತಿಯನ್ನು ತಕ್ಕಡಿಯಲ್ಲಿಟ್ಟು ಲೆಕ್ಕ ಹಾಕಲು ಹೋದವರಿಗೆ ಪ್ರತಿಸಲವೂ ಬೇರೆ ಉತ್ತರ ಸಿಗುತ್ತದೆ. ಮೆತ್ತಗೆ ಬೆಂದದ್ದು ಹೆಚ್ಚು ತೂಗುತ್ತದೆ, ಗರಿಯಾಗಿ ಬೆಂದದ್ದು ಕಡಿಮೆ ತೂಗುತ್ತದೆ, ಶಕ್ತಿ ಎರಡರಲ್ಲೂ ಒಂದೇ. ತೂಗಬೇಕಾದದ್ದು ಒಣ ಹಿಟ್ಟನ್ನು.

ಇಡಿ ಗೋಧಿ ಹಿಟ್ಟಿನಲ್ಲಿ 100 ಗ್ರಾಮಿಗೆ ಸುಮಾರು 340 ಕ್ಯಾಲೊರಿ ಇರುತ್ತದೆ. ಪೊಟ್ಟಣದ ಮೇಲೆ ಇದಕ್ಕಿಂತ ಹತ್ತಿಪ್ಪತ್ತು ಹೆಚ್ಚೋ ಕಡಿಮೆಯೋ ಬರೆದಿದ್ದರೆ ಅದನ್ನೇ ಹಿಡಿಯಿರಿ, ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಆಗದು. ನಾನು ಮಾಡಿದ್ದು ಹೀಗೆ. ಅಗಲ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತಂದು 200 ಗ್ರಾಂ ಹಿಟ್ಟನ್ನು ಹಾಕಿದೆ. ಅದು 680 ಕ್ಯಾಲೊರಿ. ಕಲಸುವಾಗ ಎರಡು ಸಣ್ಣ ಚಮಚ ಎಣ್ಣೆ ಸೇರಿಸಿದೆ. ಐದು ಮಿಲಿಲೀಟರಿನ ಒಂದು ಚಮಚ ಎಣ್ಣೆ ನಾಲ್ಕೂವರೆ ಗ್ರಾಂ ತೂಗುತ್ತದೆ ಮತ್ತು ಗ್ರಾಮಿಗೆ 9ರಂತೆ 40 ಕ್ಯಾಲೊರಿ ಕೊಡುತ್ತದೆ, ಎಂದರೆ ಎರಡು ಚಮಚಕ್ಕೆ 80. ಒಟ್ಟು 760. ನೀರು ಎಷ್ಟು ಹಿಡಿಯಿತು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಗತ್ಯವೇ ಇಲ್ಲ. ನನಗೆ ಸುಮಾರು 125 ಮಿಲಿಲೀಟರ್ ಬೇಕಾಯಿತು. ಚೆನ್ನಾಗಿ ನಾದಿ, ಅರ್ಧ ಗಂಟೆ ಮುಚ್ಚಿಟ್ಟು, ಹತ್ತು ಸಮನಾದ ಉಂಡೆ ಕಟ್ಟಿದೆ. 760ನ್ನು ಹತ್ತರಿಂದ ಭಾಗಿಸಿದರೆ ಉಂಡೆಗೆ 76 ಕ್ಯಾಲೊರಿ.

ಈ ಉಂಡೆ ಸುಮಾರು 33 ಗ್ರಾಂ ತೂಗುತ್ತದೆ, ಲಟ್ಟಿಸಿದಾಗ 14 ಸೆಂಟಿಮೀಟರ್ ಅಗಲದ ಚಪಾತಿಯಾಗುತ್ತದೆ. ಮೊದಲ ದಿನ ಉಂಡೆಗಳನ್ನೂ ಒಂದೊಂದಾಗಿ ತೂಗಿ ನೋಡಿದೆ. ಕಣ್ಣಳತೆಯಲ್ಲಿ ಕಟ್ಟಿದ ಉಂಡೆಗಳಲ್ಲಿ ಚಿಕ್ಕದು 28 ಗ್ರಾಂ ಇತ್ತು, ದೊಡ್ಡದು 40 ಗ್ರಾಂ ಇತ್ತು. ಸಮ ಎಂದು ಕೈಗೆ ಅನ್ನಿಸಿದ್ದು ಸಮವಾಗಿರಲಿಲ್ಲ. ಹಿಟ್ಟನ್ನು ಉದ್ದಕ್ಕೆ ಕೋಲಿನಂತೆ ಹೊಸೆದು, ಮೊದಲು ಎರಡು ಭಾಗ ಮಾಡಿ, ಪ್ರತಿ ಭಾಗವನ್ನು ಐದು ತುಂಡು ಮಾಡಿದರೆ ಈ ವ್ಯತ್ಯಾಸ ಬಹಳ ಕಡಿಮೆಯಾಗುತ್ತದೆ.

ಇನ್ನು ಕಾವಲಿಯ ಮೇಲೆ ಸವರುವ ಎಣ್ಣೆ. ನಿಜವಾದ ಏರುಪೇರು ಇರುವುದು ಇಲ್ಲಿ. ಮಗುವಿನ ಚಪಾತಿಗೆ ಅರ್ಧ ಚಮಚ ಸವರಿದರೆ 20 ಕ್ಯಾಲೊರಿ ಸೇರಿ ಒಂದು ಚಪಾತಿ 96 ಆಗುತ್ತದೆ, ಎರಡಕ್ಕೆ 192. ಎರಡೂ ಬದಿಗೆ ಒಂದೊಂದು ಚಮಚ ಸವರಿ ಪರಾಠದಂತೆ ಬೇಯಿಸಿದರೆ ಅದೇ ಸಣ್ಣ ಉಂಡೆಯಿಂದಾದ ಚಪಾತಿ 156ಕ್ಕೆ ಏರುತ್ತದೆ. ಉಂಡೆಯಲ್ಲಿದ್ದದ್ದಕ್ಕಿಂತ ಹೆಚ್ಚು ಶಕ್ತಿ ಆಗ ಎಣ್ಣೆಯಿಂದಲೇ ಬಂದಿರುತ್ತದೆ. ತುಪ್ಪವೂ ಹೀಗೆಯೇ, ಚಮಚಕ್ಕೆ 40ರಿಂದ 45. ತುಪ್ಪ ಹಾಕಬಾರದೆಂದು ನಾನು ಹೇಳುತ್ತಿಲ್ಲ, ಬೆಳೆಯುವ ಮಗುವಿಗೆ ಕೊಬ್ಬು ಬೇಕೇ ಬೇಕು. ಆದರೆ ಹಾಕಿದ್ದನ್ನು ಲೆಕ್ಕಕ್ಕೆ ಸೇರಿಸಬೇಕು.

ಅಡುಗೆಮನೆಯ ‘ಚಮಚ’ ಎಂಬ ಮಾತನ್ನೂ ಒಮ್ಮೆ ಪರೀಕ್ಷಿಸಿ. ನಿಮ್ಮ ಎಣ್ಣೆಯ ಚಮಚಕ್ಕೆ ನೀರು ತುಂಬಿ ತಕ್ಕಡಿಯಲ್ಲಿರುವ ಲೋಟಕ್ಕೆ ಸುರಿದು ನೋಡಿ. ನೀರು 5 ಗ್ರಾಂ ತೂಗಿದರೆ ಅದು ಸಣ್ಣ ಚಮಚ, 10 ಅಥವಾ 15 ತೂಗಿದರೆ ಇಷ್ಟು ದಿನ ನೀವು ಒಂದು ಚಮಚ ಎಂದುಕೊಂಡದ್ದು ಎರಡೋ ಮೂರೋ ಚಮಚವಾಗಿತ್ತು.

ಪಲ್ಯ: ತರಕಾರಿಗಿಂತ ಒಗ್ಗರಣೆಯನ್ನು ಗಮನಿಸಿ

ಆ ದಿನ ಮಾಡಿದ್ದು ಹುರುಳಿಕಾಯಿ, ಕ್ಯಾರೆಟ್, ಆಲೂಗಡ್ಡೆಯ ಪಲ್ಯ. ಸಿಪ್ಪೆ ನಾರು ತೆಗೆದ ಮೇಲೆ ಮೂರೂ ತಲಾ 100 ಗ್ರಾಂ, ಜೊತೆಗೆ 50 ಗ್ರಾಂ ಈರುಳ್ಳಿ. ಆಲೂಗಡ್ಡೆಯಿಂದ 70, ಕ್ಯಾರೆಟ್ಟಿನಿಂದ 40, ಹುರುಳಿಕಾಯಿಯಿಂದ 30, ಈರುಳ್ಳಿಯಿಂದ 20, ಎಲ್ಲ ಸೇರಿ 160 ಕ್ಯಾಲೊರಿ. ಒಗ್ಗರಣೆಗೆ ಮೂರು ಸಣ್ಣ ಚಮಚ ಎಣ್ಣೆ, ಅದು 120. ಮೇಲೆ ಉದುರಿಸಿದ 15 ಗ್ರಾಂ ಹಸಿ ತೆಂಗಿನ ತುರಿಯಿಂದ 50. ಒಟ್ಟು 330. ಮೂರೂವರೆ ನೂರು ಗ್ರಾಂ ತರಕಾರಿ ಕೊಟ್ಟ ಶಕ್ತಿಗಿಂತ ಸ್ವಲ್ಪ ಹೆಚ್ಚನ್ನೇ ಮೂರು ಚಮಚ ಎಣ್ಣೆ ಮತ್ತು ಒಂದು ಹಿಡಿ ತುರಿ ಸೇರಿ ಕೊಟ್ಟವು.

ಒಗ್ಗರಣೆಯ ಎಣ್ಣೆಯನ್ನು ಚಮಚದಲ್ಲಿ ಅಳೆಯುವ ಅಭ್ಯಾಸವಿಲ್ಲದವರಿಗೆ ಒಂದು ಸುಲಭ ಉಪಾಯವಿದೆ. ಎಣ್ಣೆಯ ಪಾತ್ರೆಯನ್ನು ಒಗ್ಗರಣೆಗೆ ಮುಂಚೆ ತಕ್ಕಡಿಯ ಮೇಲಿಟ್ಟು ತೂಕ ಬರೆದುಕೊಳ್ಳಿ. ಎಂದಿನಂತೆ ಬಾಣಲೆಗೆ ಸುರಿದು, ಪಾತ್ರೆಯನ್ನು ಮತ್ತೆ ತೂಗಿ. ಕಡಿಮೆಯಾದ ಗ್ರಾಮುಗಳನ್ನು 9ರಿಂದ ಗುಣಿಸಿದರೆ ಕ್ಯಾಲೊರಿ ಸಿಗುತ್ತದೆ. ಕೈ ಎಷ್ಟು ಸುರಿಯುತ್ತದೆ ಎಂಬುದು ಬೇರೆ ಯಾವ ವಿಧಾನದಲ್ಲೂ ಇಷ್ಟು ಪ್ರಾಮಾಣಿಕವಾಗಿ ತಿಳಿಯುವುದಿಲ್ಲ ಎಂದು ನಾನು ನಂಬಿದ್ದೇನೆ.

ಪಲ್ಯ ಬೆಂದ ಮೇಲೆ ಪೂರ್ತಿಯಾಗಿ ಒಂದು ಬಟ್ಟಲಿಗೆ ತೆಗೆದು ತೂಗಿದಾಗ 330 ಗ್ರಾಂ ಇತ್ತು. 330 ಗ್ರಾಮಿನಲ್ಲಿ 330 ಕ್ಯಾಲೊರಿ, ಎಂದರೆ ಗ್ರಾಮಿಗೆ ಒಂದು. ಇದು ಆಕಸ್ಮಿಕವಾಗಿ ಹೊಂದಿಕೆಯಾದ ಸಂಖ್ಯೆ, ನಿಮ್ಮ ಪಲ್ಯದಲ್ಲಿ ಬೇರೆಯೇ ಬರಬಹುದು. ಎಲೆಕೋಸು, ಸೋರೆಕಾಯಿ, ಸೀಮೆಬದನೆಯಂಥ ನೀರಿನಂಶದ ತರಕಾರಿಗೆ ಎಣ್ಣೆ ಕಡಿಮೆ ಹಾಕಿದರೆ ಗ್ರಾಮಿಗೆ ಅರ್ಧ ಕ್ಯಾಲೊರಿ ಬರುತ್ತದೆ. ಆಲೂಗಡ್ಡೆಯನ್ನು ಎಣ್ಣೆಯಲ್ಲಿ ಹುರಿದರೆ ಒಂದೂವರೆಯಾಗಬಹುದು. ಡಬ್ಬಿಗೆ ನಾನು ಹಾಕಿದ್ದು ಎರಡು ತುಂಬು ದೊಡ್ಡ ಚಮಚದಷ್ಟು, 60 ಗ್ರಾಂ, ಅದರಲ್ಲಿ 60 ಕ್ಯಾಲೊರಿ.

ಪಲ್ಯದ ಪಾಲನ್ನು ಕ್ಯಾಲೊರಿ ನೋಡಿ ನಿರ್ಧರಿಸಬೇಡಿ ಎಂದೂ ಇಲ್ಲಿ ಹೇಳಬೇಕು. ಪಲ್ಯ ಡಬ್ಬಿಯಲ್ಲಿರುವುದು ನಾರಿಗಾಗಿ, ಜೀವಸತ್ವಗಳಿಗಾಗಿ, ಒಣ ಚಪಾತಿ ಗಂಟಲಲ್ಲಿ ಇಳಿಯುವಂತೆ ತೇವ ಕೊಡುವುದಕ್ಕಾಗಿ. ಐದಾರು ವರ್ಷದ ಮಗುವಿಗೆ ಒಂದು ಊಟದಲ್ಲಿ 50ರಿಂದ 70 ಗ್ರಾಂ ತರಕಾರಿ ತಿನ್ನಿಸಲು ಸಾಧ್ಯವಾದರೆ ಅದು ಒಳ್ಳೆಯ ಪಾಲು. ತುಂಡುಗಳು ದೊಡ್ಡದಾಗಿದ್ದರೆ ಮಗು ಆರಿಸಿ ಬದಿಗಿಡುತ್ತದೆ, ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿ ಮೆತ್ತಗೆ ಬೇಯಿಸಿದರೆ ಆರಿಸಲು ಆಗುವುದಿಲ್ಲ.

ಹಣ್ಣು

ಹಣ್ಣಿನಲ್ಲಿ ತೂಗಬೇಕಾದದ್ದು ತಿನ್ನುವ ಭಾಗವನ್ನು ಮಾತ್ರ. ಬಾಳೆಹಣ್ಣಿನ ತೂಕದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಸಿಪ್ಪೆಯದೇ. ಸಿಪ್ಪೆ ಸುಲಿದ 60 ಗ್ರಾಂ ಬಾಳೆಹಣ್ಣಿನಲ್ಲಿ 55 ಕ್ಯಾಲೊರಿ ಇದೆ. ಅಷ್ಟೇ ತೂಕದ ಸೇಬಿನಲ್ಲಿ 30ರಿಂದ 35, ಕಿತ್ತಳೆಯಲ್ಲಿ 25ರಿಂದ 30, ಪರಂಗಿಯಲ್ಲಿ ಸುಮಾರು 25, ಕಲ್ಲಂಗಡಿಯಲ್ಲಿ 20ರ ಒಳಗೆ. ಹಣ್ಣನ್ನು ಬದಲಿಸಿದಾಗ ಡಬ್ಬಿಯ ಮೊತ್ತ ಬದಲಾಗುವುದು 30–40 ಕ್ಯಾಲೊರಿಯಷ್ಟು ಮಾತ್ರ. ಒಂದು ಚಮಚ ಎಣ್ಣೆಗಿಂತ ಹೆಚ್ಚೇನೂ ಅಲ್ಲ. ಆದ್ದರಿಂದ ಮಗು ಇಷ್ಟಪಡುವ, ಸುಲಭವಾಗಿ ತಿನ್ನುವ ಹಣ್ಣನ್ನು ಆರಿಸಿದರೆ ಸಾಕು, ಇಲ್ಲಿ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಆದರೆ ಎಚ್ಚರಿಕೆಯೊಂದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಇಡಿ ದ್ರಾಕ್ಷಿ ಚಿಕ್ಕ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಂಡು ಉಸಿರನ್ನೇ ತಡೆಯಬಲ್ಲದು, ಅದರ ಗಾತ್ರ ಮತ್ತು ನುಣುಪು ಅದಕ್ಕೆ ಕಾರಣ. ಐದು ವರ್ಷದೊಳಗಿನವರಿಗಂತೂ ಕಡ್ಡಾಯವಾಗಿ, ಅದಕ್ಕಿಂತ ಸ್ವಲ್ಪ ದೊಡ್ಡವರಿಗೂ, ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳಾಗಿ ಕತ್ತರಿಸಿ ಕಳುಹಿಸಿ. ಗಟ್ಟಿ ಸೇಬನ್ನು ತೆಳು ಹೋಳು ಮಾಡಿ. ಮನೆಯಲ್ಲಾದರೆ ನೀವು ಪಕ್ಕದಲ್ಲಿರುತ್ತೀರಿ, ಶಾಲೆಯಲ್ಲಿ ಮಕ್ಕಳು ಮಾತಾಡುತ್ತಾ, ನಗುತ್ತಾ, ಅವಸರದಲ್ಲಿ ತಿನ್ನುತ್ತಾರೆ.

ಮೊತ್ತವನ್ನು ಕೂಡಿ, ಮಗುವಿನ ವಯಸ್ಸಿಗೆ ಹೊಂದಿಸಿ

ಎರಡು ಚಪಾತಿ 192, ಪಲ್ಯ 60, ಬಾಳೆಹಣ್ಣು 55. ಒಟ್ಟು 307 ಕ್ಯಾಲೊರಿ. ಈ ಕೊನೆಯ 7ಕ್ಕೆ ಏನೂ ಅರ್ಥವಿಲ್ಲ. ಹಿಟ್ಟಿನ ತೇವಾಂಶ, ಹಣ್ಣು ಎಷ್ಟು ಮಾಗಿದೆ, ಬಾಣಲೆಗೆ ಅಂಟಿ ಉಳಿದ ಎಣ್ಣೆ ಇವೆಲ್ಲ ಸೇರಿ ನೂರಕ್ಕೆ ಹತ್ತರಷ್ಟು ಹೆಚ್ಚುಕಮ್ಮಿ ಆಗಿಯೇ ಆಗುತ್ತದೆ. ಸುಮಾರು 300 ಎಂದು ಇಟ್ಟುಕೊಳ್ಳುವುದು ಸರಿ. ನಾನು ಇಟ್ಟುಕೊಂಡ ಗುರಿಯ ಕೆಳಗಿನ ಅಂಚಿಗೆ ಇದು ತಲುಪುತ್ತದೆ.

ಇದೇ ಮನೆಯಲ್ಲಿ ದೊಡ್ಡವರ ಲೆಕ್ಕಕ್ಕೆ ಅದೇ 200 ಗ್ರಾಂ ಹಿಟ್ಟಿನಿಂದ ಆರು ಉಂಡೆ ಕಟ್ಟುತ್ತೇವೆ. ಆಗ ಉಂಡೆಗೆ 127, ಒಂದು ಚಮಚ ಎಣ್ಣೆ ಸವರಿದರೆ 167, ಎರಡು ಚಪಾತಿಗೆ 334. ಪಲ್ಯ, ಹಣ್ಣು ಸೇರುವ ಮೊದಲೇ ಮಗುವಿನ ಪಾಲು ಮುಗಿದುಹೋಯಿತು. ಇಂಥ ಎರಡು ಚಪಾತಿ ಕಟ್ಟಿಕೊಟ್ಟರೆ ಮಗು ಒಂದನ್ನು ತಿಂದು ಹೊಟ್ಟೆ ತುಂಬಿಸಿಕೊಂಡು ಪಲ್ಯವನ್ನೂ ಹಣ್ಣನ್ನೂ ಹಾಗೆಯೇ ಬಿಡುತ್ತದೆ. ಮಗು ತರಕಾರಿ ತಿನ್ನುವುದಿಲ್ಲ ಎಂಬ ದೂರಿನ ಹಿಂದೆ ಕೆಲವೊಮ್ಮೆ ಇಷ್ಟೇ ಕಾರಣವಿರುತ್ತದೆ. ದೊಡ್ಡವರ ಉಂಡೆಯಿಂದಲೇ ಮಾಡಬೇಕಾದರೆ ಒಂದು ಚಪಾತಿ ಮತ್ತು ಒಂದು ಸಣ್ಣ ತುಂಡು ಸಾಕು.

ಸಣ್ಣ ಉಂಡೆಯ ಚಪಾತಿಯನ್ನು ಅಳತೆಗೋಲಾಗಿಟ್ಟುಕೊಂಡರೆ ಬೇರೆ ವಯಸ್ಸಿಗೂ ಹೊಂದಿಸಬಹುದು. ದಿನಕ್ಕೆ 1,000 ಕ್ಯಾಲೊರಿ ಸಾಕಾಗುವ ಮೂರು ವರ್ಷದ ಮಗುವಿಗೆ ಒಂದೂವರೆ ಚಪಾತಿ, 40 ಗ್ರಾಂ ಪಲ್ಯ, 50 ಗ್ರಾಂ ಬಾಳೆಹಣ್ಣು ಸೇರಿ 230ರಷ್ಟಾಗುತ್ತದೆ. 7ರಿಂದ 9 ವರ್ಷದವರಿಗೆ ಅದೇ ಶಿಫಾರಸು ದಿನಕ್ಕೆ 1,700 ಎನ್ನುತ್ತದೆ. ಅವರಿಗೆ ಮೂರು ಚಪಾತಿ, 90 ಗ್ರಾಂ ಪಲ್ಯ, ಅದೇ ಹಣ್ಣು ಹಾಕಿದರೆ 430ರ ಹತ್ತಿರ ಬರುತ್ತದೆ.

ಪ್ರೋಟೀನಿನ ಬಗ್ಗೆ ಒಂದು ಮಾತು. ಎರಡು ಸಣ್ಣ ಚಪಾತಿ, ಪಲ್ಯ, ಹಣ್ಣು ಎಲ್ಲ ಸೇರಿ 6 ಗ್ರಾಮಿನಷ್ಟು ಪ್ರೋಟೀನ್ ಕೊಡುತ್ತವೆ. 4ರಿಂದ 6 ವರ್ಷದ ಮಗುವಿಗೆ ದಿನಕ್ಕೆ 16 ಗ್ರಾಂ ಬೇಕೆಂಬ ಲೆಕ್ಕದಲ್ಲಿ ಇದು ಕಡಿಮೆಯೇನಲ್ಲ. ಆದರೆ ಗೋಧಿಯ ಪ್ರೋಟೀನಿನಲ್ಲಿ ಲೈಸೀನ್ ಎಂಬ ಅಂಶ ಕಡಿಮೆ, ಬೇಳೆಕಾಳು ಮತ್ತು ಹಾಲಿನಲ್ಲಿ ಅದು ಚೆನ್ನಾಗಿದೆ. ಮನೆಯ ಉಳಿದ ಊಟಗಳಲ್ಲಿ ಬೇಳೆ, ಮೊಸರು, ಹಾಲು ಇದ್ದರೆ ಚಿಂತೆಯಿಲ್ಲ. ಇಲ್ಲವಾದರೆ ಪಲ್ಯಕ್ಕೆ ಒಂದು ಹಿಡಿ ಬೇಯಿಸಿದ ಕಾಳು ಸೇರಿಸಿ.

ವಾಪಸು ಬಂದದ್ದನ್ನು ಐದು ದಿನ ಬರೆದಿಡಿ

ಕಟ್ಟಿಕೊಟ್ಟದ್ದು ತಿಂದದ್ದಲ್ಲ. ಈ ಹಂತವನ್ನು ಬಿಟ್ಟವರ ಉಳಿದ ಲೆಕ್ಕವೆಲ್ಲ ಕಾಗದದಲ್ಲೇ ಉಳಿಯುತ್ತದೆ. ಒಂದು ವಾರ ಒಂದೇ ಅಳತೆಯ ಡಬ್ಬಿ ಕಟ್ಟಿ, ಸಂಜೆ ಉಳಿದದ್ದನ್ನು ನೋಡಿ ಬರೆದಿಡಿ. ಚಪಾತಿಯನ್ನು ಅರ್ಧ, ಕಾಲು ಎಂದು ಕಣ್ಣಳತೆಯಲ್ಲಿ ಬರೆದರೆ ಸಾಕು, ಪಲ್ಯವನ್ನು ಮಾತ್ರ ತೂಗಿ. ಉಳಿಸಿದ್ದಕ್ಕಾಗಿ ಮಗುವನ್ನು ಆ ವಾರ ಏನೂ ಕೇಳಬೇಡಿ. ಬೈಗುಳಕ್ಕೆ ಹೆದರಿದ ಮಗು ಉಳಿದದ್ದನ್ನು ಶಾಲೆಯಲ್ಲೇ ಚೆಲ್ಲಿ ಖಾಲಿ ಡಬ್ಬಿ ತರುತ್ತದೆ, ಆಗ ನಿಮಗೆ ಏನೂ ತಿಳಿಯುವುದಿಲ್ಲ.

ನನ್ನ ಮಗಳ ವಾರ ಹೀಗಿತ್ತು. ಸೋಮವಾರ ಡಬ್ಬಿ ಪೂರ್ತಿ ಖಾಲಿ, 310 ಎಂದು ಬರೆದುಕೊಂಡೆ. ಮಂಗಳವಾರ ಅರ್ಧ ಚಪಾತಿ ಮತ್ತು 25 ಗ್ರಾಂ ಪಲ್ಯ ಉಳಿದಿತ್ತು. ಅರ್ಧ ಚಪಾತಿಗೆ 48, ಪಲ್ಯಕ್ಕೆ 25 ಕಳೆದರೆ ತಿಂದದ್ದು 235. ಬುಧವಾರ ಅರ್ಧ ಚಪಾತಿ ಮಾತ್ರ ಉಳಿದು 260. ಗುರುವಾರ ಬಾಳೆಹಣ್ಣನ್ನು ಮುಟ್ಟಿರಲಿಲ್ಲ, 250. ಶುಕ್ರವಾರ 40 ಗ್ರಾಂ ಪಲ್ಯ ಉಳಿದು 265. ಐದು ದಿನದ ಸರಾಸರಿ 264. ಗುರಿ 300 ಇದ್ದಾಗ 264 ತಿಂದಳೆಂದು ನಾನು ಆತಂಕಪಡಲಿಲ್ಲ. ಸಂಜೆ ಮನೆಗೆ ಬಂದು ಹಾಲು ಮತ್ತು ತಿಂಡಿಯನ್ನು ಚೆನ್ನಾಗಿ ತೆಗೆದುಕೊಳ್ಳುತ್ತಿದ್ದಳು. ಚಿಕ್ಕ ಮಕ್ಕಳು ಒಂದು ಊಟದಲ್ಲಿ ಬಿಟ್ಟದ್ದನ್ನು ಮುಂದಿನ ಊಟಗಳಲ್ಲಿ ತುಂಬಿಸಿಕೊಳ್ಳುವುದು ಸಾಮಾನ್ಯ.

ಆದರೂ ಎರಡು ದಿನ ಪಲ್ಯ, ಎರಡು ದಿನ ಅರ್ಧ ಚಪಾತಿ ಉಳಿದದ್ದು ಯಾಕೆಂದು ತಿಳಿಯಬೇಕಿತ್ತು. ವಾರ ಮುಗಿದ ಮೇಲೆ ಕೇಳಿದಾಗ ಅವಳು ಹೇಳಿದ್ದು, “ಗಂಟೆ ಹೊಡೆದುಬಿಡ್ತು ಅಮ್ಮ” ಎಂದಷ್ಟೇ. ಇಪ್ಪತ್ತು ನಿಮಿಷದ ಬಿಡುವಿನಲ್ಲಿ ಕೈ ತೊಳೆದು, ಡಬ್ಬಿಯ ಮುಚ್ಚಳ ತೆಗೆದು, ಚಪಾತಿ ಹರಿದು ಪಲ್ಯವನ್ನು ಅದರೊಳಗೆ ಹಿಡಿದು ತಿನ್ನುವುದು ಐದು ವರ್ಷದ ಬೆರಳುಗಳಿಗೆ ನಿಧಾನದ ಕೆಲಸ. ಇನ್ನು ಹಾಲುಹಲ್ಲು ಅಲುಗಾಡುತ್ತಿದ್ದರಂತೂ ಗಟ್ಟಿಯಾದ ಚಪಾತಿಯನ್ನು ಅಗಿಯುವುದೇ ಕಷ್ಟ. ಚಿಕ್ಕ ಮಕ್ಕಳ ಡಬ್ಬಿಯನ್ನು ನಿರ್ಧರಿಸುವುದು ಬಹಳಷ್ಟು ಸಲ ಹಸಿವಲ್ಲ, ಸಮಯ.

ಉಳಿಕೆಗೆ ತಕ್ಕಂತೆ ಒಂದೊಂದನ್ನೇ ಬದಲಿಸಿ

ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ನಾಲ್ಕೈದು ದಿನ ನೋಡಿ. ನಾನು ಮೊದಲು ಮಾಡಿದ್ದು ಪಲ್ಯವನ್ನು ಚಪಾತಿಯೊಳಗೇ ಹರಡಿ ಸುರುಳಿ ಸುತ್ತಿ, ಒಂದೊಂದು ಸುರುಳಿಯನ್ನು ಮೂರು ತುಂಡು ಮಾಡಿ ಇಟ್ಟದ್ದು. ಅಳತೆ ಅದೇ 307, ಆದರೆ ಹರಿಯುವ ಕೆಲಸ ತಪ್ಪಿತು. ಪಲ್ಯದಲ್ಲಿ ನೀರು ಉಳಿದಿದ್ದರೆ ಸುರುಳಿ ಒದ್ದೆಯಾಗಿ ಹರಿದುಹೋಗುತ್ತದೆ, ಆದ್ದರಿಂದ ಅದನ್ನು ಕೊನೆಯಲ್ಲಿ ಎರಡು ನಿಮಿಷ ಮುಚ್ಚದೆ ಬಾಡಿಸಬೇಕು. ಚಪಾತಿಯನ್ನೂ ಪಲ್ಯವನ್ನೂ ಬಿಸಿಬಿಸಿಯಾಗಿಯೇ ಮುಚ್ಚಿಟ್ಟರೆ ಮುಚ್ಚಳದಿಂದ ಹನಿ ಬಿದ್ದು ಎಲ್ಲ ಅಂಟುತ್ತದೆ. ತೆಳು ಬಟ್ಟೆಯ ಮೇಲೆ ಹರಡಿ ಉಗುರುಬೆಚ್ಚಗಾದ ಮೇಲೆ ಕಟ್ಟಿ, ಮೂರು ನಾಲ್ಕು ಗಂಟೆಯೊಳಗೆ ಮಗು ತಿನ್ನುವಂತೆ ಸಮಯ ನೋಡಿಕೊಳ್ಳಿ. ಬಿಸಿಲಿನ ದಿನಗಳಲ್ಲಿ ತೆಂಗಿನ ತುರಿ ಬೇಗ ಹಳಸುತ್ತದೆ, ಆಗ ಅದನ್ನು ಬಿಡುವುದೇ ಲೇಸು.

ಗಟ್ಟಿಯಾಗುವ ಚಪಾತಿಯನ್ನು ಮೆತ್ತಗಾಗಿಸಲು ಅನೇಕರು ಎಣ್ಣೆ ಹೆಚ್ಚಿಸುತ್ತಾರೆ. ಎಣ್ಣೆಯಿಂದ ಮೆತ್ತಗಾಗುವುದು ನಿಜ, ಆದರೆ ನೀರು ಇನ್ನೊಂದೆರಡು ಚಮಚ ಹೆಚ್ಚಿಸಿ, ಹಿಟ್ಟನ್ನು ಅರ್ಧ ಗಂಟೆ ನೆನೆಯಲು ಬಿಟ್ಟು, ಕಾವಲಿ ಚೆನ್ನಾಗಿ ಕಾದ ಮೇಲೆ ಬೇಗ ಬೇಯಿಸಿ ತೆಗೆದರೆ ಅದೇ ಮೃದುತ್ವ ಒಂದು ಕ್ಯಾಲೊರಿಯೂ ಹೆಚ್ಚಾಗದೆ ಸಿಗುತ್ತದೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬಿಟ್ಟ ಚಪಾತಿ ನೀರನ್ನೆಲ್ಲ ಕಳೆದುಕೊಂಡು ಮಧ್ಯಾಹ್ನದ ಹೊತ್ತಿಗೆ ಹಪ್ಪಳದಂತಾಗುತ್ತದೆ.

ಹಣ್ಣು ಉಳಿಯುತ್ತಿದ್ದರೆ ಅದನ್ನು ಬೇರೆ ಸಣ್ಣ ಡಬ್ಬಿಯಲ್ಲಿ ಮೊದಲ ಬಿಡುವಿಗೆಂದು ಕೊಡಿ. ಊಟದ ಕೊನೆಗೆ ಉಳಿಸಿಕೊಂಡ ಹಣ್ಣಿಗೆ ಸಮಯವೇ ಸಿಗುವುದಿಲ್ಲ. ಸೇಬು ಕಂದಾಗಿದೆ ಎಂದು ಮಗು ಬಿಡುತ್ತಿದ್ದರೆ, ಹೋಳುಗಳನ್ನು ಸ್ವಲ್ಪ ಉಪ್ಪು ಬೆರೆಸಿದ ನೀರಿನಲ್ಲಿ ಒಂದೆರಡು ನಿಮಿಷ ಅದ್ದಿ, ಒಳ್ಳೆಯ ನೀರಿನಲ್ಲಿ ತೊಳೆದು, ಒರೆಸಿ ಇಡಿ.

ಡಬ್ಬಿ ಪ್ರತಿದಿನ ಖಾಲಿಯಾಗಿ, ಮಗು ಮನೆಗೆ ಬಂದೊಡನೆ ಹಸಿವು ಹಸಿವೆಂದರೆ ಅರ್ಧ ಚಪಾತಿ ಹೆಚ್ಚಿಸಿ, ಅದು ಸುಮಾರು 50 ಕ್ಯಾಲೊರಿ. ತಿನ್ನಲು ಸಮಯವಿಲ್ಲದೆ ನಿಜಕ್ಕೂ ಕಡಿಮೆ ತಿನ್ನುವ, ತೂಕ ಏರದ ಮಗುವಿಗೆ ಮಾತ್ರ ಗಾತ್ರ ಹೆಚ್ಚಿಸದೆ ಶಕ್ತಿ ಹೆಚ್ಚಿಸಲು ಚಪಾತಿಗೊಂದು ಅರ್ಧ ಚಮಚ ತುಪ್ಪ ಸೇರಿಸುವುದು ಸರಿಯಾದ ದಾರಿ. ಎಲ್ಲ ಮಕ್ಕಳಿಗೂ ಅದನ್ನೇ ಮಾಡುವುದು ಸರಿಯಲ್ಲ. ಜಾಮ್ ಸವರಿದರೆ ಡಬ್ಬಿ ಖಾಲಿಯಾಗುತ್ತದೆಂಬುದು ನಿಜ, ಆದರೆ ಒಂದು ದೊಡ್ಡ ಚಮಚ ಜಾಮಿನ 50 ಕ್ಯಾಲೊರಿ ಬಹುತೇಕ ಸಕ್ಕರೆಯೇ, ಮತ್ತು ಪಲ್ಯದ ಜಾಗವನ್ನು ಅದು ಕಸಿದುಕೊಳ್ಳುತ್ತದೆ.

ಇಷ್ಟೆಲ್ಲ ಅಳೆದ ಮೇಲೂ, ಪಾಲು ಸರಿಯಿದೆಯೇ ಎಂಬುದಕ್ಕೆ ಉತ್ತರ ಸಿಗುವುದು ಮಗುವಿನ ಬೆಳವಣಿಗೆಯಲ್ಲಿ. ಈ ವಯಸ್ಸಿನ ಮಕ್ಕಳು ವರ್ಷಕ್ಕೆ ಸುಮಾರು 2 ಕಿಲೊ ತೂಕ ಮತ್ತು 6 ಸೆಂಟಿಮೀಟರಿನಷ್ಟು ಎತ್ತರ ಏರುತ್ತಾರೆ. ವಾರಕ್ಕೊಮ್ಮೆ ತೂಗಿದರೆ ಇದು ಕಾಣುವುದಿಲ್ಲ, ಬೆಳಗಿನ ಮತ್ತು ಸಂಜೆಯ ತೂಕಕ್ಕೇ ಅರ್ಧ ಕಿಲೊ ವ್ಯತ್ಯಾಸವಿರಬಹುದು. ಮೂರು ತಿಂಗಳಿಗೊಮ್ಮೆ, ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ತಿಂಡಿಗೆ ಮೊದಲು ತೂಗಿ, ಎತ್ತರವನ್ನೂ ಅಳೆದು ಬೆಳವಣಿಗೆಯ ನಕ್ಷೆಯಲ್ಲಿ ಗುರುತು ಹಾಕಿ. ಮಗು ತೆಳ್ಳಗಿರಲಿ, ತುಂಬಿಕೊಂಡಿರಲಿ, ತನ್ನದೇ ಗೆರೆಯ ಜೊತೆಜೊತೆಗೆ ಮೇಲೆ ಹೋಗುತ್ತಿದ್ದರೆ ಡಬ್ಬಿಯಲ್ಲಿ ಅರ್ಧ ಚಪಾತಿ ಉಳಿದರೂ ಚಿಂತಿಸಬೇಕಾಗಿಲ್ಲ. ಆರು ತಿಂಗಳಲ್ಲಿ ತೂಕ ಏರದೆ ನಿಂತರೆ, ಅಥವಾ ಗುರುತು ಒಂದು ಗೆರೆಯನ್ನು ದಾಟಿ ಕೆಳಕ್ಕೋ ಮೇಲಕ್ಕೋ ಸರಿದರೆ, ಚಪಾತಿಯ ಲೆಕ್ಕವನ್ನು ತಿದ್ದುತ್ತಾ ಕೂರದೆ ಆ ನಕ್ಷೆಯನ್ನೂ ಐದು ದಿನದ ಡಬ್ಬಿಯ ಟಿಪ್ಪಣಿಯನ್ನೂ ಮಕ್ಕಳ ವೈದ್ಯರಿಗೆ ಒಯ್ದು ತೋರಿಸಿ.